ದುಡ್ಡು ಕೊಟ್ಟು ಟಿಕೆಟ್ ತಗೊಂಡ ಖುಷಿ

ಲಿಂಗತ್ವದ ವಿಚಾರ ಮಾತಾಡಲೆಂದು ಮನೋವೈದ್ಯರ ಎದುರು ಕೂತವರಿಗೆ ಮೊದಲ ಪ್ರಶ್ನೆ ಹೆಚ್ಚಾಗಿ ಹೀಗೆ ಬರುತ್ತದೆ: ‘ಹೇಳಿ, ಏನು ತೊಂದರೆ?’ ಎಷ್ಟೋ ಜನ ಅಲ್ಲೇ ತಡವರಿಸುತ್ತಾರೆ. ಕೆಲಸಕ್ಕೆ ಹೋಗುತ್ತಿದ್ದಾರೆ, ಊಟ ಮಾಡುತ್ತಿದ್ದಾರೆ, ಮನೆಗೆ ದುಡ್ಡು ಕಳಿಸುತ್ತಿದ್ದಾರೆ. ‘ತೊಂದರೆ ಅಂತ ಹೇಳೋಕಾಗಲ್ಲ ಡಾಕ್ಟ್ರೇ, ಆದ್ರೆ…’ ಅಂತ ನಿಲ್ಲಿಸಿಬಿಡುತ್ತಾರೆ. ವೈದ್ಯರು ಅವಸರದಲ್ಲಿದ್ದರೆ ಹಾಳೆಯ ಮೇಲೆ ‘ಗಮನಾರ್ಹ ಸಂಕಟ ಇಲ್ಲ’ ಎಂದು ಬರೆದುಕೊಳ್ಳುತ್ತಾರೆ.

ಸಂಕಟ ಇದ್ದೇ ಇರುತ್ತದೆ. ಬುದ್ಧಿ ಬಂದಾಗಿನಿಂದ ಒಂದೇ ಸಮ ಇರುವುದನ್ನು ಸಂಕಟ ಅಂತ ಗುರುತು ಹಿಡಿಯಬೇಕಾದರೆ ಅದು ಇಲ್ಲದ ಗಳಿಗೆಯೊಂದು ಗೊತ್ತಿರಬೇಕು. ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಒಳಗಿನ ಗುರುತಿಗೂ ಹೊಂದದೆ ಆಗುವ ಈ ಸಂಕಟಕ್ಕೆ ವೈದ್ಯರು ಡಿಸ್ಫೋರಿಯಾ ಅನ್ನುತ್ತಾರೆ. ಅದಿಲ್ಲದ ಗಳಿಗೆಗೆ, ಇನ್ನೂ ಸರಿಯಾಗಿ ಹೇಳುವುದಾದರೆ ‘ಇದು ನಾನೇ’ ಅನ್ನಿಸುವ ಗಳಿಗೆಗೆ, ಟ್ರಾನ್ಸ್ ಸಮುದಾಯದವರು ಯೂಫೋರಿಯಾ ಅನ್ನುತ್ತಾರೆ. ಮೊದಲನೆಯದಕ್ಕೆ ವೈದ್ಯರ ಪುಸ್ತಕದಲ್ಲಿ ಪುಟಗಟ್ಟಲೆ ಜಾಗ ಇದೆ, ಎರಡನೆಯದಕ್ಕೆ ರೋಗಲಕ್ಷಣದ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಇಲ್ಲದಿರುವುದು ನ್ಯಾಯವೇ, ಖುಷಿ ಕಾಯಿಲೆಯಲ್ಲವಲ್ಲ. ಆದರೆ ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳದೆ ಹೋದಾಗ ರೋಗನಿರ್ಣಯದಲ್ಲಿ ಎಡವಟ್ಟಾಗುತ್ತದೆ. ಅದು ಹೇಗೆ ಆಗುತ್ತದೆ ಅನ್ನುವುದೇ ಈ ಬರಹದ ವಿಷಯ.

ಮೊದಲು ಪುಸ್ತಕದ ಮಾತು ಮುಗಿಸಿಬಿಡೋಣ. ನಮ್ಮಲ್ಲಿ ವೈದ್ಯರು ನೋಡುವ ಪುಸ್ತಕಗಳು ಎರಡು. ಒಂದು ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ, ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ಡಿಎಸ್‌ಎಂ 2013ರ ಐದನೇ ಆವೃತ್ತಿಯಲ್ಲಿ ‘ಲಿಂಗ ಗುರುತಿನ ಅಸ್ವಸ್ಥತೆ’ ಎಂಬ ಹಳೆಯ ಹೆಸರನ್ನು ಕೈಬಿಟ್ಟು ‘ಜೆಂಡರ್ ಡಿಸ್ಫೋರಿಯಾ’ ಎಂದಿತು. ಅಂದರೆ ಗುರುತು ಕಾಯಿಲೆಯಲ್ಲ, ಅದರಿಂದ ಆಗುವ ಸಂಕಟಕ್ಕೆ ಚಿಕಿತ್ಸೆ ಬೇಕು ಅನ್ನುವ ನಿಲುವು. ಹದಿಹರೆಯದವರು ಮತ್ತು ವಯಸ್ಕರ ವಿಷಯದಲ್ಲಿ ಅದು ಆರು ಅಂಶಗಳನ್ನು ಕೊಡುತ್ತದೆ: ಒಳಗಿನ ಗುರುತಿಗೂ ದೇಹದ ಲೈಂಗಿಕ ಲಕ್ಷಣಗಳಿಗೂ ಹೊಂದಾಣಿಕೆ ಇಲ್ಲದಿರುವುದು, ಆ ಲಕ್ಷಣಗಳು ಹೋಗಲಿ ಅನ್ನುವ ತೀವ್ರ ಬಯಕೆ, ಬೇರೆ ಲಿಂಗದ ಲಕ್ಷಣಗಳು ಬೇಕೆಂಬ ಬಯಕೆ, ತಾನು ಬೇರೆ ಲಿಂಗದವರಾಗಬೇಕೆಂಬ ಬಯಕೆ, ಜನ ತನ್ನನ್ನು ಹಾಗೆಯೇ ನಡೆಸಿಕೊಳ್ಳಲಿ ಅನ್ನುವ ಬಯಕೆ, ತನ್ನ ಭಾವನೆ ಪ್ರತಿಕ್ರಿಯೆಗಳೆಲ್ಲ ಆ ಲಿಂಗದವರಂತೆಯೇ ಇವೆ ಅನ್ನುವ ದೃಢ ನಂಬಿಕೆ. ಇವುಗಳಲ್ಲಿ ಕನಿಷ್ಠ ಎರಡು, ಕನಿಷ್ಠ ಆರು ತಿಂಗಳಿಂದ ಇರಬೇಕು. ಇಲ್ಲಿ ‘ಬೇರೆ ಲಿಂಗ’ ಅಂದರೆ ಗಂಡು ಅಥವಾ ಹೆಣ್ಣು ಎರಡೇ ಅಲ್ಲ, ಎರಡಕ್ಕೂ ಸೇರದ ಗುರುತೂ ಅದರಲ್ಲಿ ಬರುತ್ತದೆ. ಇದರ ಮೇಲೆ ಇನ್ನೊಂದು ಷರತ್ತು: ಇದರಿಂದ ಗಮನಾರ್ಹ ಸಂಕಟ ಇರಬೇಕು, ಅಥವಾ ಕೆಲಸ, ಓದು, ಸಂಬಂಧಗಳಿಗೆ ಅಡ್ಡಿಯಾಗಿರಬೇಕು.

ಐಸಿಡಿ-11 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2022ರ ಜನವರಿ 1ರಿಂದ ಜಾರಿಗೆ ಬಂದ ಈ ಆವೃತ್ತಿ ಇಡೀ ವಿಷಯವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಎತ್ತಿ ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇಟ್ಟಿದೆ. ಅಲ್ಲಿ ಇದರ ಹೆಸರು ‘ಜೆಂಡರ್ ಇನ್‌ಕಾಂಗ್ರುಯೆನ್ಸ್’, ಅಂದರೆ ಹೊಂದಿಕೆಯಾಗದಿರುವುದು. ವಯಸ್ಕರಿಗೆ ಕೋಡ್ ಎಚ್‌ಎ60. ಸಂಕಟ ಇರಲೇಬೇಕು ಎಂದು ಅದು ಕೇಳುವುದಿಲ್ಲ. ಹುಡುಗನ ಥರ ಬಟ್ಟೆ ಹಾಕುವುದು, ಹುಡುಗಿಯ ಥರ ನಡೆಯುವುದು, ಇಷ್ಟರಿಂದಲೇ ಈ ಹೆಸರು ಕೊಡಕೂಡದು ಎಂದೂ ಸ್ಪಷ್ಟವಾಗಿ ಹೇಳುತ್ತದೆ. ಒಬ್ಬರೇ ವ್ಯಕ್ತಿಗೆ ಒಂದು ಆಸ್ಪತ್ರೆಯ ಚೀಟಿಯಲ್ಲಿ ಡಿಸ್ಫೋರಿಯಾ ಎಂದೂ ಇನ್ನೊಂದರಲ್ಲಿ ಇನ್‌ಕಾಂಗ್ರುಯೆನ್ಸ್ ಎಂದೂ ಬರೆದಿದ್ದರೆ ಗಾಬರಿ ಬೀಳುವಂಥದ್ದೇನಿಲ್ಲ. ವೈದ್ಯರು ನೋಡಿದ ಪುಸ್ತಕ ಬೇರೆ, ಅಷ್ಟೇ.

ಈಗ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ಕತೆಯೂ ಅಲ್ಲ, ಹಲವರು ಹೇಳುವುದನ್ನು ಸೇರಿಸಿ ಕಟ್ಟಿದ ಉದಾಹರಣೆ. ವಯಸ್ಸು 27. ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದಾರೆ. ವಿಜಯನಗರದ ಲೇಡೀಸ್ ಪಿ.ಜಿ.ಯಲ್ಲಿ ವಾಸ, ಶಿವಾಜಿನಗರದ ಕಡೆ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಊರು ಹಾಸನದ ಹತ್ತಿರ.

ಚಿಕ್ಕಂದಿನಲ್ಲಿ ‘ನಾನು ಹುಡುಗ’ ಎಂದು ಇವರು ಯಾವತ್ತೂ ಹಟ ಮಾಡಿದವರಲ್ಲ. ಇವರು ಹೇಳುವುದು ಬೇರೆಯೇ. ಸ್ನಾನ ಮಾಡುವಾಗ ಲೈಟ್ ಹಾಕುವುದಿಲ್ಲ. ಕನ್ನಡಿ ನೋಡಿದರೆ ಮುಖ ಮಾತ್ರ ನೋಡುತ್ತಾರೆ, ಕತ್ತಿನಿಂದ ಕೆಳಗೆ ಕಣ್ಣು ಹೋಗುವುದಿಲ್ಲ. ಮೇ ತಿಂಗಳಲ್ಲೂ ಜಾಕೆಟ್. ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್. ಲೇಡೀಸ್ ಟಾಯ್ಲೆಟ್ಟಿಗೆ ಹೋಗಲು ಮನಸ್ಸಿಲ್ಲ, ಜೆಂಟ್ಸ್‌ಗೆ ಹೋಗುವ ಹಾಗಿಲ್ಲ. ಅದಕ್ಕೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನೀರೇ ಕುಡಿಯುವುದಿಲ್ಲ. ವರ್ಷದಲ್ಲಿ ಎರಡು ಮೂರು ಸಲ ಉರಿಮೂತ್ರ. ಎದೆ ಕಾಣಬಾರದೆಂದು ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿಕೊಳ್ಳುತ್ತಾರೆ, ಸಂಜೆಯ ಹೊತ್ತಿಗೆ ಪಕ್ಕೆಲುಬು ನೋವು. ಮುಂದಿನ ಐದು ವರ್ಷದಲ್ಲಿ ಏನಾಗಬೇಕು ಅಂತಿದ್ದೀರಿ ಎಂದು ಕೇಳಿದರೆ ಉತ್ತರವೇ ಇಲ್ಲ. ಮುಂದಿನ ಬದುಕಿನಲ್ಲಿ ತಮ್ಮನ್ನು ತಾವು ಕಲ್ಪಿಸಿಕೊಳ್ಳಲು ಆಗುವುದಿಲ್ಲ. ‘ಯಾರದೋ ಬದುಕನ್ನ ನಾನು ನೋಡ್ಕೋತಾ ಇದೀನಿ ಅನ್ಸುತ್ತೆ’ ಅನ್ನುತ್ತಾರೆ.

ಡಿಸ್ಫೋರಿಯಾ ಹೆಚ್ಚಿನ ಸಲ ಹೀಗೇ ಇರುತ್ತದೆ. ಅಳು, ಆಕ್ರೋಶ ಇರುವುದುಂಟು. ಆದರೆ ಅದಕ್ಕಿಂತ ಸಾಮಾನ್ಯವಾಗಿ ಕಾಣುವುದು ಮರಗಟ್ಟಿದಂಥ ಸ್ಥಿತಿ ಮತ್ತು ತಪ್ಪಿಸಿಕೊಳ್ಳುವ ಅಭ್ಯಾಸಗಳು. ತನ್ನಿಂದ ತಾನೇ ದೂರ ನಿಂತು ನೋಡುವ ಅನುಭವವನ್ನು ಮನೋವೈದ್ಯರು ಡಿಪರ್ಸನಲೈಸೇಷನ್ ಅನ್ನುತ್ತಾರೆ. ಅದು ಖಿನ್ನತೆಯಲ್ಲೂ ಬರುತ್ತದೆ, ಆತಂಕದಲ್ಲೂ ಬರುತ್ತದೆ. ಹೀಗಾಗಿ ಇವರನ್ನು ಮೊದಲು ನೋಡಿದ ವೈದ್ಯರು ಖಿನ್ನತೆ ಎಂದು ಎಸ್ಸಿಟಾಲೋಪ್ರಾಮ್ 10 ಮಿಲಿಗ್ರಾಂ ಬರೆದುಕೊಟ್ಟರೆ ಅದನ್ನು ಪೂರ್ತಿ ತಪ್ಪು ಎನ್ನಲಾಗದು. ಆರು ವಾರದಲ್ಲಿ ನಿದ್ದೆ ಸರಿಹೋಯಿತು, ಹಸಿವು ಮರಳಿತು. ಸ್ನಾನದ ಮನೆಯ ಲೈಟ್ ಮಾತ್ರ ಆಫೇ ಇತ್ತು. ಔಷಧಿಯಿಂದ ಯಾವುದು ಸರಿಹೋಯಿತು, ಯಾವುದು ಹಾಗೇ ಉಳಿಯಿತು ಎಂದು ಬಿಡಿಸಿ ಕೇಳುವ ವೈದ್ಯರಿಗೆ ಅಲ್ಲೇ ಅರ್ಧ ಉತ್ತರ ಸಿಗುತ್ತದೆ.

ಇನ್ನೊಂದು ಸುಳಿವು ಮುಟ್ಟಿನ ದಿನಗಳಲ್ಲಿ ಸಿಗುತ್ತದೆ. ಇವರಿಗೆ ತಿಂಗಳಲ್ಲಿ ಐದು ದಿನ ಹಾಸಿಗೆ ಬಿಟ್ಟೇಳಲು ಆಗುವುದಿಲ್ಲ. ಮುಟ್ಟಿನ ಹಿಂದಿನ ವಾರದಲ್ಲಿ ಬರುವ ತೀವ್ರ ಮನೋವ್ಯಥೆಯ ಕಾಯಿಲೆ ಬೇರೆ ಇದೆ. ಅದು ರಕ್ತಸ್ರಾವ ಶುರುವಾದ ಒಂದೆರಡು ದಿನದಲ್ಲಿ ತಗ್ಗುತ್ತಾ ಬರುತ್ತದೆ. ಇವರದು ಉಲ್ಟಾ: ಹಿಂದಿನ ವಾರ ಪರವಾಗಿಲ್ಲ, ರಕ್ತ ಕಂಡ ದಿನದಿಂದ ಶುರು. ನೋವು ಯಾವ ದಿನ ಹತ್ತಿ ಯಾವ ದಿನ ಇಳಿಯಿತು ಎಂದು ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಈಗ ಯೂಫೋರಿಯಾಕ್ಕೆ ಬರೋಣ. ಇವರು ಒಂದು ದಿನ ಬಳೇಪೇಟೆಯ ಕಡೆ ಗಂಡಸರ ಸಲೂನಿಗೆ ಹೋಗಿ ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡರು. ವಾಪಸ್ ಬರುವಾಗ ಮೆಜೆಸ್ಟಿಕ್‌ನಲ್ಲಿ ಬಿಎಂಟಿಸಿ ಬಸ್ ಹತ್ತಿದರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬೆಂಗಳೂರಿನ ಸಾಮಾನ್ಯ ಬಸ್ಸಿನ ಕಂಡಕ್ಟರ್ ದಿನಕ್ಕೆ ಸಾವಿರ ಸಲ ಲಿಂಗ ನಿರ್ಧಾರ ಮಾಡುತ್ತಾರೆ ಅಂದರೂ ತಪ್ಪಿಲ್ಲ. ಮುಖ ನೋಡುತ್ತಾರೆ. ಹೆಂಗಸು ಅನ್ನಿಸಿದರೆ ಆಧಾರ್ ಕೇಳಿ ಉಚಿತ ಟಿಕೆಟ್, ಗಂಡಸು ಅನ್ನಿಸಿದರೆ ‘ಎಲ್ಲಿಗೆ ಸಾರ್? ಚಿಲ್ರೆ ಕೊಡಿ’. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಈ ಯೋಜನೆಯಲ್ಲಿ ಉಚಿತ ಪ್ರಯಾಣ ಇದೆ, ಆದರೆ ಬಾಯಿಬಿಟ್ಟು ಹೇಳಿ ತೋರಿಸಿ ಪಡೆಯಬೇಕು. ಅಲ್ಲಿಯವರೆಗೆ ಇವರಿಗೆ ಪ್ರತಿದಿನ ಎರಡು ಸಲ ಸಿಗುತ್ತಿದ್ದ ಉಚಿತ ಟಿಕೆಟ್ ಕೈಗೆ ಬಂದಾಗಲೆಲ್ಲ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಗುತ್ತಿತ್ತು. ಅವತ್ತು ಕಂಡಕ್ಟರ್ ಕೈಚಾಚಿ ‘ಸಾರ್, ಟಿಕೆಟ್’ ಅಂದರು. ಇವರು ದುಡ್ಡು ಕೊಟ್ಟರು. ಬಿಟ್ಟಿ ಸಿಗುವುದಕ್ಕೆ ಕಾಸು ಕೊಟ್ಟು ಇಷ್ಟು ಖುಷಿಪಟ್ಟವರು ಆ ಬಸ್ಸಿನಲ್ಲಿ ಬೇರೆ ಯಾರೂ ಇದ್ದಿರಲಾರರು.

ಆ ಖುಷಿ ಹೇಗಿರುತ್ತದೆ? ಯೂಫೋರಿಯಾ ಎಂಬ ಪದ ಕೇಳಿದರೆ ಕುಣಿದಾಡುವ ಉನ್ಮಾದ ಇರಬೇಕು ಅನ್ನಿಸುತ್ತದೆ. ಕೆಲವರಿಗೆ ಹಾಗೂ ಆಗುತ್ತದೆ, ಕೆಲವರಿಗೆ ಅಳು ಬರುತ್ತದೆ. ಹೆಚ್ಚು ಜನ ಹೇಳುವುದು ಮಾತ್ರ ಸಪ್ಪೆ ಅನ್ನಿಸುವಂಥ ಮಾತುಗಳನ್ನು: ‘ಹಗುರ ಆಯ್ತು’, ‘ಭುಜ ಕೆಳಗಿಳೀತು’, ‘ತಲೇಲಿ ಗಲಾಟೆ ನಿಂತ್ಹೋಯ್ತು’. ಪಕ್ಕದ ಮನೆಯ ಮಿಕ್ಸಿ ನಿಂತಾಗಲೇ ಅಷ್ಟು ಹೊತ್ತು ಅದು ಓಡುತ್ತಿತ್ತು ಅಂತ ಗೊತ್ತಾಗುವ ಹಾಗೆ. ಈ ಬಗ್ಗೆ ಸಂಶೋಧನೆ ಮಾಡಿದವರು ಇದನ್ನು ಸುಮಾರಾಗಿ ಮೂರು ಬಗೆಯಾಗಿ ನೋಡುತ್ತಾರೆ. ದೇಹ, ಬಟ್ಟೆ, ದನಿಯಂಥ ಹೊರಗೆ ಕಾಣುವುದರಿಂದ ಬರುವುದು ಒಂದು. ತನ್ನ ಗುರುತಿನ ಬಗ್ಗೆ ತನಗೇ ಸ್ಪಷ್ಟವಾದಾಗ ಒಳಗಿನಿಂದ ಬರುವುದು ಇನ್ನೊಂದು. ಬೇರೆಯವರು ಕರೆಯುವ, ನಡೆಸಿಕೊಳ್ಳುವ ರೀತಿಯಿಂದ ಬರುವುದು ಮೂರನೆಯದು. ಕಂಡಕ್ಟರ್ ‘ಸಾರ್’ ಅಂದದ್ದು ಮೂರನೆಯದು, ಸಲೂನಿನ ಕನ್ನಡಿಯಲ್ಲಿ ಕಂಡದ್ದು ಮೊದಲನೆಯದು.

ಕನ್ನಡದಲ್ಲಿ ಬದುಕುವವರಿಗೆ ಈ ಮೂರನೆಯದು ಬರುವ ದಾರಿ ಸ್ವಲ್ಪ ಬೇರೆ, ವೈದ್ಯರಿಗೆ ಅದು ಗೊತ್ತಿದ್ದರೆ ಒಳ್ಳೆಯದು. ಎದುರಿಗೆ ಕೂತು ‘ನೀವು ಯಾವಾಗ ಬಂದ್ರಿ’ ಅಂದಾಗ ಲಿಂಗ ಕಾಣುವುದಿಲ್ಲ. ‘ನಾನು ಬಂದೆ’ ಅನ್ನುವಾಗಲೂ ಇಲ್ಲ. ಅದು ಬಂದು ಕುಕ್ಕುವುದು ಪಕ್ಕದ ಕೋಣೆಯಿಂದ. ಅಡುಗೆಮನೆಯಲ್ಲಿ ಅಮ್ಮ ಅಜ್ಜಿಯ ಹತ್ತಿರ ‘ಅವಳು ಇನ್ನೂ ಎದ್ದಿಲ್ಲ’ ಅನ್ನುವುದು ಕಿವಿಗೆ ಬಿದ್ದಾಗ. ಸ್ನೇಹಿತರು ‘ಬಾರೇ’, ‘ಹೌದು ಕಣೇ’ ಅಂದಾಗ. ಅತ್ತಿಗೆಯ ಮಗು ‘ಅತ್ತೆ’ ಅಂತ ಕರೆದಾಗ. ಖುಷಿ ಬರುವುದೂ ಹಾಗೇ, ಒಬ್ಬ ಗೆಳತಿ ಮಾತಿನ ಮಧ್ಯೆ ಯೋಚನೆಯೇ ಇಲ್ಲದೆ ‘ಹೋಗೋ’ ಅಂದುಬಿಟ್ಟಾಗ. ‘ನಿಮ್ಮನ್ನ ಯಾವ ಸರ್ವನಾಮದಿಂದ ಕರೀಬೇಕು?’ ಅನ್ನುವ ಇಂಗ್ಲಿಷ್ ಫಾರ್ಮಿನ ಪ್ರಶ್ನೆಗೆ ಇವರಿಂದ ಉತ್ತರ ಸಿಗದೇ ಇರಬಹುದು. ‘ಮನೇಲಿ ಯಾರು ಏನಂತ ಕರೀತಾರೆ, ಯಾವುದು ಕೇಳಿದ್ರೆ ಕಸಿವಿಸಿ ಆಗುತ್ತೆ?’ ಅಂತ ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾರೆ.

ಎಡವಟ್ಟು ಶುರುವಾಗುವುದು ಇದಾದ ಮೇಲೆ. ಕೂದಲು ಕತ್ತರಿಸಿದ ಎರಡು ವಾರಕ್ಕೆ ಗೌರಿ ಹಬ್ಬ. ಇವರು ಊರಿಗೆ ಹೋದರು. ಕೂದಲು ನೋಡಿ ಅಮ್ಮ ಮುಖ ಸಿಂಡರಿಸಿದ್ದು ಒಂದು ಕಡೆ ಇರಲಿ. ಚಿಕ್ಕಮ್ಮ ಕೈಗೆ ಬಾಗಿನ ಕೊಟ್ಟು ಅರಿಶಿನ ಕುಂಕುಮ ಹಚ್ಚಿದರು, ‘ಮುಂದಿನ ವರ್ಷ ನಿನ್ನ ಗಂಡನ ಮನೇಲಿ’ ಅಂದರು. ಹಿಂದಿನ ಹತ್ತು ವರ್ಷ ಇದನ್ನೇ ಇವರು ನಕ್ಕು ನಿಭಾಯಿಸಿದ್ದರು. ಈ ಸಲ ಆಗಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಊಟ ಸೇರುತ್ತಿಲ್ಲ, ಪಿ.ಜಿ.ಯ ರೂಮಿನಿಂದ ಹೊರಗೆ ಬರುತ್ತಿಲ್ಲ, ಮೊದಲು ತಿಂಗಳಿಗೆ ಐದು ದಿನ ಇದ್ದದ್ದು ಈಗ ಪ್ರತಿದಿನ. ಮನೆಯವರ ತೀರ್ಮಾನ: ‘ಸುಮ್ನಿದ್ಲು, ಕೂದಲು ಕತ್ತರಿಸ್ಕೊಂಡ ಮೇಲೆ ಹೀಗಾಯ್ತು.’ ಕೆಲವು ವೈದ್ಯರೂ ಇದೇ ತೀರ್ಮಾನಕ್ಕೆ ಬರುತ್ತಾರೆ. ಆ ದಾರಿಯಿಂದ ಹಾನಿಯಾಯಿತು, ಹಿಂದಕ್ಕೆ ಬನ್ನಿ ಎಂದು ಸಲಹೆ ಕೊಡುತ್ತಾರೆ.

ಕಾಲದ ಕ್ರಮ ಅವರು ಹೇಳಿದ್ದೇ ಸರಿ, ಕಾರಣ ಮಾತ್ರ ತಪ್ಪು. ಇವರು ಅಷ್ಟು ವರ್ಷ ಮರಗಟ್ಟಿಕೊಂಡೇ ನಿಭಾಯಿಸಿದ್ದರು. ಹೋಲಿಸಿ ನೋಡಲು ಬೇರೆ ಏನೂ ಇರಲಿಲ್ಲ. ಎರಡು ವಾರ ‘ಹಗುರ’ ಇದ್ದು ಬಂದ ಮೇಲೆ ಹಳೆಯ ಭಾರ ಎಷ್ಟೆಂದು ಅಳತೆ ಸಿಕ್ಕಿತು, ಮರಗಟ್ಟಿದ್ದೂ ಬಿಟ್ಟುಹೋಯಿತು. ಯೂಫೋರಿಯಾ ಮೊದಲ ಸಲ ಕಂಡವರಲ್ಲಿ ಆಮೇಲೆ ಡಿಸ್ಫೋರಿಯಾ ಚುರುಕಾಗುವುದು ಸಮುದಾಯದವರಿಗೂ ಅನುಭವಿ ಆಪ್ತಸಮಾಲೋಚಕರಿಗೂ ಚೆನ್ನಾಗಿ ಗೊತ್ತಿರುವ ಸಂಗತಿ. ಎರಡನ್ನೂ ಒಂದೇ ಅಳತೆಕೋಲಿನ ಎರಡು ತುದಿ ಎಂದುಕೊಂಡರೆ ಇದು ಅರ್ಥವಾಗುವುದಿಲ್ಲ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕಲ್ಲ ಅನ್ನಿಸುತ್ತದೆ. ಆದರೆ ಒಬ್ಬರಲ್ಲೇ ಎರಡೂ ಹೆಚ್ಚಿರಬಹುದು. ಡಿಸ್ಫೋರಿಯಾ ಹೇಳಿಕೊಳ್ಳುವಷ್ಟಿಲ್ಲದೆ ಯೂಫೋರಿಯಾದಿಂದಲೇ ತಮ್ಮ ಗುರುತು ಕಂಡುಕೊಂಡವರೂ ಇದ್ದಾರೆ. ಹಾಗೆಯೇ ಯೂಫೋರಿಯಾ ಅಂದರೇನೆಂದೇ ಗೊತ್ತಿಲ್ಲದೆ ಬರೀ ಸಂಕಟದಲ್ಲಿ ಇರುವವರೂ ಇದ್ದಾರೆ. ಅದು ಬಂದಿಲ್ಲ ಅನ್ನುವುದರಿಂದ ಗುರುತು ಸುಳ್ಳಾಗುವುದಿಲ್ಲ. ಎಷ್ಟೋ ಸಲ ಅದು ಬರುವುದಕ್ಕೆ ಅವಕಾಶವೇ ಸಿಕ್ಕಿರುವುದಿಲ್ಲ.

ಹಾಗಂತ ಹಬ್ಬದ ನಂತರ ಬಂದದ್ದೆಲ್ಲ ಡಿಸ್ಫೋರಿಯಾ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. ಬೇರ್ಪಡಿಸಿ ನೋಡಲು ವೈದ್ಯರು ಎರಡು ವಿಷಯ ಕೇಳಬೇಕು. ಒಂದು, ಸಂಕಟಕ್ಕೆ ಹೊರಗಿನ ಕಿಡಿ ಇದೆಯೇ? ಫೋನಿನಲ್ಲಿ ಅಮ್ಮನ ದನಿ ಕೇಳಿದಾಗ, ಸ್ನಾನಕ್ಕೆ ಹೋದಾಗ ಏರಿ, ಒಬ್ಬರೇ ಜಾಕೆಟ್ ಹಾಕಿಕೊಂಡು ಕ್ರಿಕೆಟ್ ನೋಡುವಾಗ ಇಳಿದರೆ ಅದು ಡಿಸ್ಫೋರಿಯಾದ ಚಹರೆ. ಎರಡು, ಮೊದಲು ಇಷ್ಟವಿದ್ದದ್ದು ಈಗಲೂ ಇಷ್ಟವೇ? ಕ್ರಿಕೆಟ್ಟೂ ಬೇಡ, ಸ್ನೇಹಿತರೂ ಬೇಡ, ಬೆಳಗಿನ ನಾಲ್ಕಕ್ಕೇ ಎಚ್ಚರ, ದಿನವಿಡೀ ಒಂದೇ ಸಮ ಕತ್ತಲು ಅಂದರೆ ಜೊತೆಗೆ ಖಿನ್ನತೆಯೂ ಇದೆ. ಆಗ ಎರಡಕ್ಕೂ ಚಿಕಿತ್ಸೆ ಬೇಕು. ಒಂದು ಮುಗಿಯಲಿ, ಆಮೇಲೆ ಇನ್ನೊಂದು ಎಂದು ಕಾಯಿಸುವುದರಿಂದ ಎರಡೂ ಬೆಳೆಯುತ್ತವೆ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯುವ ಮಾತೇ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತುರ್ತು ಎನಿಸಿದರೆ ನೇರ ಆಸ್ಪತ್ರೆಗೆ.

ದೇಹದ ಬಗ್ಗೆ ಬೇಜಾರು ಅಂದಾಗ ಇನ್ನೊಂದು ಕಾಯಿಲೆಯೂ ವೈದ್ಯರ ತಲೆಗೆ ಬರುತ್ತದೆ. ತನ್ನ ಮೂಗು ವಿಕಾರವಾಗಿದೆ, ಮುಖ ಸೊಟ್ಟಗಿದೆ ಎಂದು, ಬೇರೆ ಯಾರಿಗೂ ಕಾಣದ ಕುಂದಿನ ಬಗ್ಗೆ ದಿನಗಟ್ಟಲೆ ಕೊರಗುವ ಬಾಡಿ ಡಿಸ್ಮಾರ್ಫಿಯಾ. ವ್ಯತ್ಯಾಸ ತಿಳಿಯಲು ಒಂದು ಪ್ರಶ್ನೆ ಸಾಕಾಗಬಹುದು: ‘ಎದೆ ಹೇಗಿದೆ?’ ಡಿಸ್ಮಾರ್ಫಿಯಾ ಇರುವವರು ಅದು ಕುರೂಪ ಅನ್ನುತ್ತಾರೆ. ನಮ್ಮ ಉದಾಹರಣೆಯವರು, ‘ಎಲ್ಲರಿಗೂ ಇರೋ ಥರಾನೇ ಇದೆ. ಬೇರೆಯವರಿಗೆ ಚೆನ್ನಾಗೇ ಇರುತ್ತೆ, ನನ್ನದಲ್ಲ ಅಷ್ಟೇ’ ಅನ್ನುತ್ತಾರೆ. ಕಾಣುವುದು ಸರಿಯಾಗಿಯೇ ಕಾಣುತ್ತಿದೆ, ತನ್ನದು ಅನ್ನಿಸುತ್ತಿಲ್ಲ.

ಖುಷಿಯ ಕಡೆಯಲ್ಲೂ ಗೊಂದಲ ಉಂಟು. ವಾರವಿಡೀ ಉಲ್ಲಾಸ ಎಂದು ಕೇಳಿದ ತಕ್ಷಣ ಹೈಪೊಮೇನಿಯಾ ಇರಬಹುದೇ ಎಂದು ಯೋಚಿಸುವುದು ವೈದ್ಯರ ಕರ್ತವ್ಯವೇ. ಅದರಲ್ಲಿ ಉಲ್ಲಾಸ ಕನಿಷ್ಠ ನಾಲ್ಕು ದಿನ, ದಿನದ ಹೆಚ್ಚು ಹೊತ್ತು ಇರುತ್ತದೆ. ಮೂರು ಗಂಟೆ ನಿದ್ದೆ ಮಾಡಿದರೂ ಆಯಾಸವಿಲ್ಲ, ಮಾತು ನಿಲ್ಲುವುದಿಲ್ಲ, ಖರ್ಚು ಎಗ್ಗಿಲ್ಲ. ಯೂಫೋರಿಯಾ ಹೀಗೆ ಎಲ್ಲ ಕಡೆ ಹರಡುವುದಿಲ್ಲ. ಅದಕ್ಕೊಂದು ನಿರ್ದಿಷ್ಟ ಕಾರಣ ಇರುತ್ತದೆ, ಕಾರಣ ಹೋದರೆ ಅದೂ ಹೋಗುತ್ತದೆ, ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ.

ಇಷ್ಟೆಲ್ಲ ಆಸ್ಪತ್ರೆಯ ಇಪ್ಪತ್ತು ನಿಮಿಷದಲ್ಲಿ ಹೇಳುವುದು ಹೇಗೆ? ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ‘ಜೆಂಡರ್ ಡಿಸ್ಫೋರಿಯಾ’ ಎಂಬ ಮಾತನ್ನು ವೈದ್ಯಲೋಕದಲ್ಲಿ ಬಳಕೆಗೆ ತಂದವರು 1970ರ ದಶಕದ ಮೊದಲ ಭಾಗದಲ್ಲಿ ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ನಾರ್ಮನ್ ಫಿಸ್ಕ್. ಅವರ ಬಳಿ ಬರುತ್ತಿದ್ದವರೆಲ್ಲ ಮೊದಮೊದಲು ಒಂದೇ ಕತೆ ಹೇಳುತ್ತಿದ್ದರು, ಪುಸ್ತಕದಲ್ಲಿ ಇದ್ದ ಹಾಗೇ. ಪುಸ್ತಕಕ್ಕೆ ಹೊಂದದವರಿಗೆ ಚಿಕಿತ್ಸೆ ಸಿಗುವುದಿಲ್ಲ ಎಂದು ಗೊತ್ತಿದ್ದ ಜನ ಮೊದಲೇ ಪಾಠ ಮಾಡಿಕೊಂಡು ಬರುತ್ತಿದ್ದರು. ಅನುಭವಗಳು ಪುಸ್ತಕ ಹೇಳುವುದಕ್ಕಿಂತ ಎಷ್ಟೋ ಬಗೆಬಗೆಯಾಗಿವೆ ಎಂದು ಅರಿತೇ ಫಿಸ್ಕ್ ಇನ್ನೂ ಅಗಲವಾದ ಈ ಹೆಸರಿಗೆ ಬಂದರು. ಐವತ್ತು ವರ್ಷವಾದರೂ ಪಾಠ ಒಪ್ಪಿಸುವ ಚಾಳಿ ಹೋಗಿಲ್ಲ. ‘ಚಿಕ್ಕಂದಿನಿಂದಲೂ ಹೀಗೇನಾ?’ ಎಂಬ ಪ್ರಶ್ನೆಗೆ ಇಲ್ಲ ಅಂದರೆ ಕೆಲಸ ಕೆಡುತ್ತದೆಂದು ಹೆದರಿ ಹೌದು ಅನ್ನುವವರು ಈಗಲೂ ಇದ್ದಾರೆ. ವಯಸ್ಕರಿಗೆ ಡಿಎಸ್‌ಎಂ ಕೇಳುವುದು ಆರು ತಿಂಗಳು ಮಾತ್ರ, ಬಾಲ್ಯದ ಸಾಕ್ಷಿ ಕಡ್ಡಾಯವಲ್ಲ. ಯಾರ ಮೇಲೆ ಪ್ರೀತಿ ಹುಟ್ಟುತ್ತದೆ ಅನ್ನುವುದಕ್ಕೂ ಈ ನಿರ್ಣಯಕ್ಕೂ ಸಂಬಂಧವಿಲ್ಲ. ಸುಳ್ಳು ಹೇಳಬೇಕಾದ ಅಗತ್ಯ ಇಲ್ಲ.

ಅದಕ್ಕಿಂತ ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳುವುದು ಮೇಲು. ದಿನಕ್ಕೆ ಎರಡೋ ಮೂರೋ ಸಾಲು ಸಾಕು. ಏನಾಯಿತು, ಯಾರಿದ್ದರು, ದೇಹದಲ್ಲಿ ಎಲ್ಲಿ ಏನನ್ನಿಸಿತು, ಆಮೇಲೆ ಏನು ಮಾಡಿದಿರಿ. ಸಂಕಟಕ್ಕೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ, ಹಗುರಕ್ಕೆ ಬೇರೆಯೇ ಒಂದು ಅಂಕ. ಎರಡನ್ನೂ ಒಂದೇ ಅಂಕದಲ್ಲಿ ಸೇರಿಸಬಾರದು, ಯಾಕೆಂದು ಮೇಲೆ ಹೇಳಿಯಾಗಿದೆ. ‘ಆಮೇಲೆ ಏನು ಮಾಡಿದಿರಿ’ ಅನ್ನುವ ಸಾಲನ್ನು ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅದೇ ಮುಖ್ಯ. ‘ಬಸ್ಸಲ್ಲಿ ಉಚಿತ ಟಿಕೆಟ್, ಸಂಕಟ 4’ ಎಂದು ಬರೆದರೆ ಸಾಮಾನ್ಯ ಅನ್ನಿಸುತ್ತದೆ. ‘ಮುಂದಿನ ಸ್ಟಾಪಲ್ಲೇ ಇಳಿದು ಎರಡು ಕಿಲೋಮೀಟರ್ ನಡೆದೆ’ ಎಂದು ಸೇರಿಸಿದಾಗ ವೈದ್ಯರಿಗೆ ಅದು ಬದುಕಿಗೆ ಅಡ್ಡಿಯಾಗಿರುವುದು ಕಾಣುತ್ತದೆ.

ನಮ್ಮ ಉದಾಹರಣೆಯವರ ನೋಟ್‌ಬುಕ್ ತೆಗೆದು ನೋಡಿದರೆ ಡಿಎಸ್‌ಎಂನ ಆರರಲ್ಲಿ ಕನಿಷ್ಠ ನಾಲ್ಕು ಸಿಗುತ್ತವೆ. ಎದೆ, ಮುಟ್ಟು ತನ್ನದಲ್ಲ ಅನ್ನಿಸುವುದು, ಅವು ಹೋಗಲಿ ಅನ್ನಿಸುವುದು, ದಪ್ಪ ದನಿ ಬೇಕೆನ್ನುವುದು, ಗಂಡಸಿನಂತೆ ನಡೆಸಿಕೊಳ್ಳಲಿ ಅನ್ನುವುದು. ಬೇಕಾದದ್ದು ಎರಡೇ. ‘ಕೆಲಸಕ್ಕೆ ಹೋಗ್ತಿದ್ದೀರಲ್ಲ, ಮತ್ತೇನು ಅಡ್ಡಿ?’ ಎಂಬ ಮಾತಿಗೆ ಉತ್ತರವೂ ಅಲ್ಲೇ ಇದೆ: ಒಂಬತ್ತು ಗಂಟೆ ನೀರು ಕುಡಿಯದೆ ಕೂರುವುದು, ಮತ್ತೆ ಮತ್ತೆ ಉರಿಮೂತ್ರ, ಕ್ಲೈಂಟ್ ಜೊತೆ ವಿಡಿಯೊ ಕಾಲ್ ಇರುತ್ತದೆಂದು ಬಿಟ್ಟುಕೊಟ್ಟ ಬಡ್ತಿ. ಕ್ರೇಪ್ ಬ್ಯಾಂಡೇಜಿನ ವಿಷಯವನ್ನೂ ನಾಚಿಕೆ ಬಿಟ್ಟು ಹೇಳಬೇಕು. ಅದು ಉಸಿರಾಡಿದಂತೆಲ್ಲ ಬಿಗಿಯುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಅದಕ್ಕೆಂದೇ ಹೊಲಿದ ಬೈಂಡರ್ ಅದಕ್ಕಿಂತ ವಾಸಿ. ಅದನ್ನೂ ದಿನಕ್ಕೆ ಎಂಟು ಗಂಟೆ ಮೀರಿ ಹಾಕಬಾರದು, ಹಾಕಿಕೊಂಡು ಮಲಗಬಾರದು. 2017ರಲ್ಲಿ ಪ್ರಕಟವಾದ, 1,800 ಜನರನ್ನು ಕೇಳಿದ ಅಧ್ಯಯನದಲ್ಲಿ ಎದೆ ಕಟ್ಟಿಕೊಳ್ಳುವವರಲ್ಲಿ ಶೇಕಡ 97 ಮಂದಿ ಬೆನ್ನುನೋವು, ಉಸಿರಾಟದ ತೊಂದರೆಯಂಥ ಒಂದಾದರೂ ಸಮಸ್ಯೆ ಹೇಳಿದ್ದರು.

ವೈದ್ಯರು ಇದರ ಜೊತೆಗೆ ಪ್ರಶ್ನಾವಳಿಯನ್ನೂ ಕೊಡಬಹುದು. ಹಳೆಯದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಉಟ್ರೆಕ್ಟ್ ಡಿಸ್ಫೋರಿಯಾ ಮಾಪಕ. 12 ಹೇಳಿಕೆ, ಒಂದೊಂದಕ್ಕೆ 1ರಿಂದ 5 ಅಂಕ. ಹುಟ್ಟಿದಾಗ ಬರೆಸಿದ ಲಿಂಗಕ್ಕೆ ತಕ್ಕಂತೆ ಅದರಲ್ಲಿ ಎರಡು ಬೇರೆ ಬೇರೆ ರೂಪಗಳಿವೆ, ಗಂಡೂ ಅಲ್ಲ ಹೆಣ್ಣೂ ಅಲ್ಲ ಅನ್ನುವವರಿಗೆ ಎರಡೂ ಒಗ್ಗುವುದಿಲ್ಲ. ‘ನನ್ನನ್ನು ಹುಡುಗಿಯಂತೆ ನಡೆಸಿಕೊಂಡಾಗ ನೋವಾಗುತ್ತದೆ’ ಎಂಬಂಥ ಹೇಳಿಕೆಗೆ, ಈಗ ಯಾರೂ ಹಾಗೆ ನಡೆಸಿಕೊಳ್ಳದ ಕಡೆ ಬದುಕುತ್ತಿರುವವರು ಏನು ಉತ್ತರ ಕೊಡಬೇಕು? ನಿಜವಾಗಿ ಆಗುತ್ತಿದೆಯೋ, ಆದರೆ ಹೇಗನ್ನಿಸುತ್ತದೆ ಎಂದೋ? ಅಂಕ ಅದನ್ನು ಹೇಳುವುದಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಶ್ನಾವಳಿ 38 ಪ್ರಶ್ನೆಗಳಲ್ಲಿ ಹೊಂದಿಕೆ ಮತ್ತು ಬದುಕಿನ ತೃಪ್ತಿಯನ್ನೂ ಕೇಳುತ್ತದೆ. ನೋವು ಮಾತ್ರ ಅಳೆಯುವುದಕ್ಕಿಂತ ಅದು ಮೇಲು. ಎರಡೂ ನಿರ್ಣಯಕ್ಕೆ ಸಹಾಯವಷ್ಟೇ, ಇಷ್ಟು ಅಂಕ ಬಂದರೆ ಪಾಸು ಎಂಬ ಪರೀಕ್ಷೆಯಲ್ಲ. ಒಳಗೆ ಹೋಗುವಾಗ ಅಪ್ಪ ಅಮ್ಮ ಜೊತೆಗಿದ್ದರೆ ಮೊದಲ ಹತ್ತು ನಿಮಿಷ ಒಬ್ಬರೇ ಮಾತಾಡಬೇಕು ಎಂದು ಕೇಳಿಕೊಳ್ಳಿ, ಅದು ನಿಮ್ಮ ಹಕ್ಕು. ‘ಇದನ್ನ ಸರಿ ಮಾಡಿಬಿಡ್ತೀವಿ’ ಎಂದು ಗುರುತನ್ನೇ ಬದಲಾಯಿಸುವ ಮಾತಾಡುವ ಕಡೆಯಿಂದ ಎದ್ದು ಬನ್ನಿ. ಅಂಥ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದು ಹೇಳಿದೆ.

ಮುಂದೆ ಗಂಡು ಹಾರ್ಮೋನ್ ಆದ ಟೆಸ್ಟೊಸ್ಟಿರಾನ್ ಶುರು ಮಾಡುವುದು ಬಿಡುವುದು ಅವರವರ ಆಯ್ಕೆ. ಎಲ್ಲರಿಗೂ ಬೇಕಾಗಿಲ್ಲ. ಶುರು ಮಾಡಿದರೆ ಕೆಲವು ತಿಂಗಳಲ್ಲಿ ಮುಟ್ಟು ನಿಲ್ಲುತ್ತದೆ, ದನಿ ಒಡೆಯತೊಡಗುತ್ತದೆ, ಪೂರ್ತಿ ಇಳಿಯಲು ಒಂದೆರಡು ವರ್ಷ ಬೇಕು. ಒಮ್ಮೆ ಇಳಿದ ದನಿ ಔಷಧಿ ನಿಲ್ಲಿಸಿದರೂ ಮೊದಲಿನಂತಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 64 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಕ್ಷಣ, ಇನ್ನೊಂದಕ್ಕೆ ಮೂರು ತಿಂಗಳು ತಡವಾಗಿ ಕೊಟ್ಟು ನೋಡಿದ್ದರು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಕ್ಷಣ ಪಡೆದವರ ಡಿಸ್ಫೋರಿಯಾ, ಖಿನ್ನತೆ, ಸಾಯುವ ಯೋಚನೆ ಮೂರೂ ಇಳಿದಿದ್ದವು. ಮೂರು ತಿಂಗಳಿನಾಚೆಗೆ ಏನು ಅನ್ನುವುದನ್ನು ಆ ಪ್ರಯೋಗ ಹೇಳುವುದಿಲ್ಲ.

ಮರುಭೇಟಿಯಲ್ಲಿ ಜನರನ್ನು ಹೆದರಿಸುವ ಸಂಗತಿ ಇನ್ನೊಂದು ಬರುತ್ತದೆ. ವರ್ಷ ಕಳೆಯುವಷ್ಟರಲ್ಲಿ ಕಂಡಕ್ಟರ್ ‘ಸಾರ್’ ಅಂದರೆ ಏನೂ ಅನ್ನಿಸುವುದಿಲ್ಲ, ಚಿಲ್ಲರೆ ಹುಡುಕುವುದರಲ್ಲೇ ಗಮನ. ಮೊದಲಿನ ಖುಷಿ ಇಲ್ಲವಲ್ಲ, ಹಾಗಾದರೆ ನನ್ನ ನಿರ್ಧಾರವೇ ತಪ್ಪಿತೇ ಎಂದು ಕೆಲವರು ಕಂಗಾಲಾಗುತ್ತಾರೆ. ಖುಷಿ ಅಭ್ಯಾಸವಾಗಿರುವುದಕ್ಕೂ ಪಶ್ಚಾತ್ತಾಪಕ್ಕೂ ವ್ಯತ್ಯಾಸ ತಿಳಿಯಲು ‘ಈಗ ಖುಷಿ ಇದೆಯೇ’ ಎಂದು ಕೇಳಿದರೆ ಸಾಲದು. ‘ನಾಳೆಯಿಂದ ಮತ್ತೆ ಮೊದಲಿನ ಹಾಗೇ ಕರೆಯಲಿ, ಮೊದಲಿನ ಹಾಗೇ ಇರಲಿ ಅಂದರೆ?’ ಎಂದು ಕೇಳಬೇಕು. ಆ ಯೋಚನೆಗೇ ಎದೆ ಬಿಗಿದರೆ ಅದು ಅಭ್ಯಾಸ. ಆ ಯೋಚನೆಯಿಂದ ಹಗುರವಾದರೆ, ಅಥವಾ ಹೊಸ ದನಿ, ಹೊಸ ಗಡ್ಡವೇ ತನ್ನದಲ್ಲ ಅನ್ನಿಸತೊಡಗಿದ್ದರೆ, ಅದನ್ನೂ ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡು ಡೋಸ್ ಕಡಿಮೆ ಮಾಡುವ, ತಡೆಹಿಡಿಯುವ ಮಾತು ಅದೇ ಭೇಟಿಯಲ್ಲಿ ಆಡಬೇಕು.